ಹ್ಯಾಕಥಾನ್ ಉದ್ಘಾಟನೆ: ಅತಿಥಿ ಪರಿಚಯಕ್ಕೆ ನಾಲ್ಕು ಪುಟ ಬಯೋಡೇಟಾ ಬಂದಿದೆ, ಏನು ಮಾಡಲಿ?

ಬೆಣ್ಣೆದೋಸೆ_ಇಇಇ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವಳು, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ. ಮುಂದಿನ ಶನಿವಾರ ನಮ್ಮ ಕಾಲೇಜಿನಲ್ಲಿ 24 ಗಂಟೆಯ ಹ್ಯಾಕಥಾನ್ ಇದೆ. ವಿಷಯ ಕೃಷಿ ಪಂಪ್‌ಸೆಟ್. 40 ತಂಡ, ತಂಡಕ್ಕೆ ನಾಲ್ಕು ಜನ. ಅರ್ಧಕ್ಕರ್ಧ ಜನ ಬೇರೆ ಊರುಗಳಿಂದ ರಾತ್ರಿ ಬಸ್ಸಿಗೆ ಬರ್ತಾರೆ.

ಬೆಳಿಗ್ಗೆ 9:30ಕ್ಕೆ ಉದ್ಘಾಟನೆ, 11ಕ್ಕೆ ಕೆಲಸ ಶುರು. ನಡುವೆ ಅತಿಥಿ ಮೇಡಂ ಒಬ್ಬರು 20 ನಿಮಿಷ ಮಾತಾಡ್ತಾರೆ. ಅವರನ್ನು ಪರಿಚಯ ಮಾಡೋ ಕೆಲಸ ನನಗೆ ಬಿದ್ದಿದೆ. ಅವರು ಬೋರ್‌ವೆಲ್ ಮೋಟಾರ್‌ಗಳ ಸ್ಟಾರ್ಟರ್ ಪ್ಯಾನೆಲ್ ವಿನ್ಯಾಸ ಮಾಡೋ ಇಂಜಿನಿಯರ್. ಮೊದಲು ಕಂಪನಿಯಲ್ಲಿದ್ದರು, ಈಗ ಸ್ವಂತ ವರ್ಕ್‌ಶಾಪ್. ಬಯೋಡೇಟಾ ನಾಲ್ಕು ಪುಟ. "ಒಂದೂ ಬಿಡಬೇಡ, ಅವರಿಗೆ ಬೇಜಾರಾಗುತ್ತೆ" ಅಂತ ನಮ್ಮ ಸರ್ ಹೇಳಿದ್ದಾರೆ. "ಹುಡುಗರಿಗೆ ಜೋಶ್ ಬರಬೇಕು" ಅಂತಲೂ ಅವರೇ ಹೇಳಿದ್ದಾರೆ.

ನಾನು ಬರೆದಿರೋದು ಹೀಗೆ ಶುರುವಾಗುತ್ತೆ: "ಇಂದಿನ ಈ ಶುಭ ಸಂದರ್ಭದಲ್ಲಿ ನಮ್ಮೊಂದಿಗೆ ಇರುವ, ಸರಳತೆಯ ಸಾಕಾರಮೂರ್ತಿ, ಗೃಹಿಣಿಯಾಗಿಯೂ ಉದ್ಯಮಿಯಾಗಿಯೂ ಯಶಸ್ಸಿನ ಉತ್ತುಂಗ ಶಿಖರವನ್ನೇರಿದ..." ಓದಿದರೆ ನನಗೇ ನಿದ್ದೆ ಬರುತ್ತೆ. ದಯವಿಟ್ಟು ಸಹಾಯ ಮಾಡಿ.

ಪಟಾಕಿ ಪಾರ್ಟಿ
ಸಿಂಪಲ್. ಲೈಟ್ ಆಫ್. ಜೋರಾಗಿ ಮ್ಯೂಸಿಕ್. "ಆರ್ ಯೂ ರೆಡಿ ದಾವಣಗೆರೆ?" ಅಂತ ಮೂರು ಸಲ ಕೂಗಿಸಿ. ಮೂರನೇ ಸಲಕ್ಕೆ ಹಾಲ್ ಎದ್ದು ನಿಲ್ಲುತ್ತೆ. ಆಗ ಅತಿಥಿ ಎಂಟ್ರಿ.

ರಾತ್ರಿಪಾಳಿ
ರಾತ್ರಿ ಬಸ್ಸಲ್ಲಿ ಬಂದು, ಮುಖ ತೊಳೆಯೋಕೂ ಜಾಗ ಸಿಗದೆ ಕೂತವರನ್ನು ಮೂರು ಸಲ ಕೂಗಿಸಿದರೆ ಶಾಪ ಹಾಕ್ತಾರೆ ಅಷ್ಟೇ. ನಾನು ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ವಿಭಾಗದಲ್ಲಿ ಕೂತವನು. ಅದು 36 ಗಂಟೆ. ಉದ್ಘಾಟನೆ ಹೊತ್ತಿಗೆ ನಮ್ಮ ತಲೆಯಲ್ಲಿ ಇದ್ದಿದ್ದು ಮೂರೇ ವಿಷಯ: ವೈಫೈ ಪಾಸ್‌ವರ್ಡ್, ಪ್ಲಗ್ ಪಾಯಿಂಟ್, ತಿಂಡಿ. ವೇದಿಕೆ ಮೇಲೆ ಯಾರು ಏನು ಹೇಳಿದರೂ ನಾವು ಕೇಳ್ತಾ ಇದ್ದಿದ್ದು "ಇವರಿಂದ ನನಗೇನು ಸಿಗುತ್ತೆ" ಅನ್ನೋದನ್ನ ಮಾತ್ರ. ಸ್ವಾರ್ಥ ಅನ್ನಿ, ಆದರೆ ಅದೇ ನಿಜ.

ಮೈಕ್ ಮೇಷ್ಟ್ರು
ತಂಗಿ, ಮೊದಲು "ಗೃಹಿಣಿಯಾಗಿಯೂ" ತೆಗೆದುಹಾಕು. ಆಮೇಲೆ ಉಳಿದದ್ದು ಮಾತಾಡೋಣ.

ಕಡಲತಡಿ ಅಕ್ಕ
ಧನ್ಯವಾದ ಮೇಷ್ಟ್ರೇ. ನಾನು ಇದೇ ಬರೆಯೋಕೆ ಬಂದೆ. ಗಂಡಸು ಅತಿಥಿ ಬಂದರೆ "ಒಳ್ಳೆ ಗಂಡನೂ ಹೌದು, ಅಡುಗೆಯನ್ನೂ ಮಾಡ್ತಾರೆ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಆ ಹಾಲ್‌ನಲ್ಲಿ ಎಲೆಕ್ಟ್ರಿಕಲ್ ಓದೋ ಹುಡುಗಿಯರೂ ಕೂತಿರ್ತಾರೆ. ಅವರಿಗೆ ಮೇಡಂ ಬಗ್ಗೆ ಮೊದಲು ಕಿವಿಗೆ ಬೀಳೋ ಸುದ್ದಿ ಪ್ಯಾನೆಲ್‌ನದ್ದಾಗಲಿ.

ಹಳೇ ವಿಭಾಗ ಮುಖ್ಯಸ್ಥ
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೈಯಬೇಡಿ. ಅತಿಥಿ ದೂರದಿಂದ ಬಂದಿರುತ್ತಾರೆ. ಹೆಚ್ಚಿನವರು ದುಡ್ಡು ತಗೊಳ್ಳಲ್ಲ. ನಾವು ಕೊಡೋದು ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಮತ್ತೆ ಅವರ ಸಾಧನೆ ಬಗ್ಗೆ ನಾಲ್ಕು ಒಳ್ಳೆ ಮಾತು. ಅದನ್ನೂ ಕತ್ತರಿಸಿದರೆ ಹೇಗೆ? ಒಮ್ಮೆ ಪ್ರಶಸ್ತಿಯೊಂದರ ಹೆಸರು ಬಿಟ್ಟಿದ್ದಕ್ಕೆ ಅತಿಥಿಯೊಬ್ಬರು ತಮ್ಮ ಭಾಷಣದಲ್ಲೇ ಅದನ್ನು ಸೇರಿಸಿಕೊಂಡು ಹತ್ತು ನಿಮಿಷ ಮಾತಾಡಿದ್ದನ್ನು ನೋಡಿದ್ದೇನೆ.

ಮೈಕ್ ಮೇಷ್ಟ್ರು
ಸರ್, ಗೌರವ ಬೇಡ ಅಂತ ಯಾರೂ ಹೇಳ್ತಿಲ್ಲ. ಬಯೋಡೇಟಾ ಎಲ್ಲಾ ಆಹ್ವಾನ ಪತ್ರಿಕೆಯಲ್ಲಿ ಹಾಕಿ. ಹಾಲ್ ಬಾಗಿಲಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ ಅಂಟಿಸಿ. ಬಾಯಲ್ಲಿ ಹೇಳೋದು ಮಾತ್ರ ಒಂದೂವರೆ ನಿಮಿಷ ದಾಟಬಾರದು.

ನಾನು ಕನ್ನಡ ಮೇಷ್ಟ್ರು. ನಿವೃತ್ತನಾದ ಮೇಲೆ ನಿರೂಪಣೆಯೇ ನನ್ನ ಕೆಲಸ. ಪರಿಚಯ ಮಾಡುವವರು ಸಾಮಾನ್ಯವಾಗಿ ಎಡವೋದು ಒಂದೇ ಕಡೆ. ಅತಿಥಿ ಎಷ್ಟು ದೊಡ್ಡವರು ಅಂತ ಹೇಳೋಕೆ ಹೋಗ್ತಾರೆ. ಆದರೆ ಕೂತವರಿಗೆ ಬೇಕಿರೋದು ಅದಲ್ಲ. ಈ ಹೊತ್ತಿನಲ್ಲಿ, ಈ ವಿಷಯದಲ್ಲಿ, ಇವರ ಮಾತು ನಾನು ಯಾಕೆ ಕೇಳಬೇಕು? ಅದಕ್ಕೆ ಉತ್ತರ ಸಿಕ್ಕರೆ ಫೋನ್ ಕೆಳಗಿಡ್ತಾರೆ. ಸಿಗದಿದ್ದರೆ ಹತ್ತು ಚಿನ್ನದ ಪದಕ ಹೇಳಿದರೂ ಇಡಲ್ಲ.

ಹಾಗಾಗಿ ತಂಗಿ, ಬಯೋಡೇಟಾ ಪಕ್ಕಕ್ಕಿಟ್ಟು ಮೇಡಂಗೆ ಒಂದು ಫೋನ್ ಮಾಡು. ಎರಡೇ ಪ್ರಶ್ನೆ ಕೇಳು. "ಪಂಪ್‌ಸೆಟ್ ವಿಷಯದಲ್ಲಿ ಹೊಸಬರು ಎಲ್ಲರೂ ತಪ್ಪು ತಿಳಿದುಕೊಳ್ಳೋದು ಯಾವುದು?" ಮತ್ತೆ "ನೀವು ಮಾಡಿದ ಯಾವ ಕೆಲಸ ಕೈಕೊಟ್ಟಿತು?" ಜೊತೆಗೆ ಹೆಸರು ಹೇಗೆ ಹೇಳಬೇಕು, ಇನಿಷಿಯಲ್ ಹೇಳಬೇಕೋ ಬೇಡವೋ ಕೇಳಿಕೋ. ಪರಿಚಯದ ಸರಕೆಲ್ಲ ಅಲ್ಲೇ ಸಿಗುತ್ತೆ.

ಪಟಾಕಿ ಪಾರ್ಟಿ
ಕೈಕೊಟ್ಟ ಕೆಲಸ ಕೇಳೋದಾ?! ಉದ್ಘಾಟನೆ ದಿನ ಸೋಲಿನ ಕಥೆ ಹೇಳಿದರೆ ಜೋಶ್ ಎಲ್ಲಿಂದ ಬರುತ್ತೆ ಗುರುಗಳೇ.

ರಾತ್ರಿಪಾಳಿ
ನನಗಂತೂ ಬರುತ್ತೆ. 24 ಗಂಟೆಯಲ್ಲಿ ನಾನು ಮಾಡೋದು ಅರ್ಧ ಕೆಲಸ ಮಾಡೋ ವಸ್ತು ಅಂತ ನನಗೆ ಗೊತ್ತು. ಗೆದ್ದವರ ಪಟ್ಟಿ ಕೇಳಿದರೆ ಕೈ ಸಡಿಲ ಆಗುತ್ತೆ. ಇವರ ಮೊದಲ ಪ್ಯಾನೆಲ್ಲೂ ಸರಿಯಾಗಿ ಓಡಲಿಲ್ಲ ಅಂತ ಗೊತ್ತಾದರೆ ಅವರ ಹತ್ತಿರ ಹೋಗಿ ನನ್ನ ಸರ್ಕ್ಯೂಟ್ ತೋರಿಸೋಕೆ ಧೈರ್ಯ ಬರುತ್ತೆ.

ಮೈಕ್ ಮೇಷ್ಟ್ರು
ಆದರೆ ಆ ಕಥೆ ಹೇಳೋಕೆ ಅವರ ಒಪ್ಪಿಗೆ ಬೇಕು. ಕೇಳದೆ ಹೇಳಿದರೆ ಅದು ಅವಮಾನ.

ತೋಟದಮನೆ
ನಮಸ್ಕಾರ. ಪಂಪ್‌ಸೆಟ್ ಬಗ್ಗೆ ಅಂತ ನೋಡಿ ಬಂದೆ. ನಮ್ಮದು ಚನ್ನಗಿರಿ ಹತ್ತಿರ ಅಡಿಕೆ ತೋಟ. ಏಳೂವರೆ ಹೆಚ್‌ಪಿ ಮೋಟಾರ್. ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇನೆ. ಬೋರ್‌ನಲ್ಲಿ ನೀರಿದ್ದರೂ ಮಧ್ಯಾಹ್ನ ಆಗಾಗ ಟ್ರಿಪ್ ಆಗುತ್ತೆ. ರಾತ್ರಿ ಚೆನ್ನಾಗಿ ಓಡುತ್ತೆ. ಯಾರಿಗಾದರೂ ಕಾರಣ ಗೊತ್ತಾ?

ಪಟಾಕಿ ಪಾರ್ಟಿ
ಸರ್, ಇದು ಭಾಷಣದ ವಿಷಯ 😂

ಬೆಣ್ಣೆದೋಸೆ_ಇಇಇ
ಇರಲಿ ಬಿಡಿ, ನನಗೆ ಇದೇ ಬೇಕು! ಮೇಡಂ ಜೊತೆ ಈಗಷ್ಟೇ ಫೋನಲ್ಲಿ ಮಾತಾಡಿದೆ. ಅವರೂ ಇಂಥದ್ದನ್ನೇ ಹೇಳಿದರು.

ಮೇಷ್ಟ್ರು ಹೇಳಿದ ಮೊದಲ ಪ್ರಶ್ನೆ ಕೇಳಿದೆ. ಅವರು ನನಗೇ ತಿರುಗಿ ಕೇಳಿದರು: "ಬೋರ್‌ನಲ್ಲಿ ನೀರು ಮುಗಿಯಿತು, ಮೋಟಾರ್ ಇನ್ನೂ ಓಡ್ತಾ ಇದೆ. ಅದು ಎಳೆಯೋ ಕರೆಂಟ್ ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ?" ನಾನು ಜಾಸ್ತಿ ಅಂದೆ. ಮೋಟಾರ್ ಕಷ್ಟಪಡುತ್ತೆ ಅಲ್ವಾ ಅಂತ. ಅವರು ನಕ್ಕರು. ಕಡಿಮೆ ಆಗುತ್ತಂತೆ. ಎತ್ತೋಕೆ ನೀರೇ ಇಲ್ಲ ಅಂದಮೇಲೆ ಮೋಟಾರ್‌ಗೆ ಭಾರ ಇಲ್ಲ. ಅದಕ್ಕೇ ಮಾಮೂಲಿ ಓವರ್‌ಲೋಡ್ ರಿಲೇಗೆ ಅದು ಗೊತ್ತೇ ಆಗಲ್ಲ. ರಿಲೇ ಕಾಯೋದು ಕರೆಂಟ್ ಏರೋದನ್ನ. ನೀರಿಲ್ಲದೆ ತಣ್ಣಗಾಗದ ಮೋಟಾರು, ಪಂಪಿನ ಒಳಗಿನ ಬುಷ್ ಎಲ್ಲ ಬಿಸಿಯಾಗಿ ಕೆಡೋವರೆಗೂ ರಿಲೇ ಸುಮ್ಮನೆ ಕೂತಿರುತ್ತೆ.

ರಾತ್ರಿಪಾಳಿ
ನಾನೂ ಜಾಸ್ತಿ ಅಂತಲೇ ಅಂದುಕೊಂಡೆ. ಕೈ ಎತ್ತಿಸಿ ಇದನ್ನೇ ಹಾಲ್‌ನಲ್ಲಿ ಕೇಳಿ. ಮುಗೀತು, ನಿಮ್ಮ ಪರಿಚಯ ರೆಡಿ.

ಕಾಯಿಲ್ ಕಟ್ಟೋನು
ಹಿರಿಯೂರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು ನಾನು. ಮೇಡಂ ಹೇಳಿದ್ದು ಸರಿ, ಆದರೆ ಅಷ್ಟು ಸಲೀಸಲ್ಲ.

ಕರೆಂಟ್ ಇಳಿದರೆ ನೀರಿಲ್ಲ ಅಂತ ಪ್ಯಾನೆಲ್ ಮಾಡಿದರೆ ಎರಡು ಕಡೆ ಮೋಸ ಹೋಗುತ್ತೆ. ರಾತ್ರಿ ಲೋಡ್ ಕಡಿಮೆ ಇದ್ದಾಗ ವೋಲ್ಟೇಜ್ ಏರುತ್ತೆ. ಆಗ ಖಾಲಿ ಓಡೋ ಮೋಟಾರೂ ಜಾಸ್ತಿ ಕರೆಂಟ್ ಎಳೆಯುತ್ತೆ. ಪ್ಯಾನೆಲ್ "ನೀರಿದೆ" ಅಂತ ತಿಳಿದು ಓಡಿಸ್ತಾನೇ ಇರುತ್ತೆ. ಇನ್ನು ಹಗಲು ಎಲ್ಲರ ಪಂಪೂ ಒಟ್ಟಿಗೆ ಓಡುವಾಗ ವೋಲ್ಟೇಜ್ ಬೀಳುತ್ತೆ. ನೀರು ಎತ್ತುತ್ತಾ ಇರೋ ಮೋಟಾರ್ ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆಯುತ್ತೆ. ಓವರ್‌ಲೋಡ್ ಅಂತ ಟ್ರಿಪ್ ಆಗುತ್ತೆ. ತೋಟದಮನೆಯವರೇ, ನಿಮ್ಮ ಮಧ್ಯಾಹ್ನದ ಕಥೆ ಇದೇ ಇರಬಹುದು. ಟ್ರಿಪ್ ಆಗೋಕೆ ಮೊದಲು ಮೂರು ಫೇಸ್‌ನ ವೋಲ್ಟೇಜ್ ಓದಿ ಬರೆದಿಡಿ.

ತೋಟದಮನೆ
ಮಧ್ಯಾಹ್ನ 340ರ ಆಚೀಚೆ ತೋರಿಸುತ್ತೆ. ರಾತ್ರಿ 430.

ಕಾಯಿಲ್ ಕಟ್ಟೋನು
415 ಇರಬೇಕಾದ ಕಡೆ 340 ಅಂದರೆ ಮೋಟಾರ್ ಒದ್ದಾಡ್ತಾ ಇದೆ. ರಿಲೇ ಸೆಟ್ಟಿಂಗ್ ಏರಿಸೋಕೆ ಮಾತ್ರ ಹೋಗಬೇಡಿ. ಏರಿಸಿದರೆ ಟ್ರಿಪ್ ನಿಲ್ಲುತ್ತೆ, ಮೋಟಾರ್ ನನ್ನ ಅಂಗಡಿಗೆ ಬರುತ್ತೆ.

ಬೆಣ್ಣೆದೋಸೆ_ಇಇಇ
ಅಣ್ಣ, ಹಾಗಾದರೆ ಕರೆಂಟ್ ಒಂದನ್ನೇ ನೋಡಿದರೆ ಸಾಲಲ್ಲ?

ಕಾಯಿಲ್ ಕಟ್ಟೋನು
ಸಾಲಲ್ಲ. ಒಳ್ಳೆ ಪ್ಯಾನೆಲ್‌ಗಳು ವೋಲ್ಟೇಜೂ ನೋಡ್ತವೆ, ಪವರ್ ಫ್ಯಾಕ್ಟರೂ ನೋಡ್ತವೆ. ಖಾಲಿ ಓಡುವಾಗ ಪವರ್ ಫ್ಯಾಕ್ಟರ್ ಚೆನ್ನಾಗಿ ಬೀಳುತ್ತೆ, ಅದು ಮುಚ್ಚಿಡೋಕೆ ಆಗಲ್ಲ. ನಿಮ್ಮ ಹುಡುಗರು ಈ 24 ಗಂಟೆಯಲ್ಲಿ ಗುದ್ದಾಡಬೇಕಿರೋದು ಇಲ್ಲೇ. ಆ್ಯಪ್‌ನಲ್ಲಿ ಹಸಿರು ಬಟನ್ ಮಾಡೋದ್ರಲ್ಲಿ ಏನೂ ಇಲ್ಲ.

ಇನ್ನೊಂದು ಐಡಿಯಾ. ವೇದಿಕೆಗೆ ಸುಟ್ಟ ವೈಂಡಿಂಗ್ ಒಂದು ತಗೊಂಡು ಹೋಗು. ಒಂದು ಫೇಸ್ ಹೋದಾಗ ಸುಟ್ಟ ಸ್ಟೇಟರ್ ನೋಡಿದರೆ ಗೊತ್ತಾಗುತ್ತೆ. ಸ್ಟಾರ್ ಕನೆಕ್ಷನ್ ಇದ್ದರೆ ಎರಡು ಫೇಸ್‌ನ ಕಾಯಿಲ್ ಕಪ್ಪಗೆ, ಮೂರನೇದು ಹೊಸದರ ಹಾಗೆ ಹೊಳೀತಾ ಇರುತ್ತೆ. ಓವರ್‌ಲೋಡಲ್ಲಿ ಸುಟ್ಟರೆ ಸುತ್ತಲೂ ಒಂದೇ ಸಮ ಕಪ್ಪು. ಕೈಗೆ ಕೊಟ್ಟರೆ ಹುಡುಗರು ಮೂಸಿ ನೋಡ್ತಾರೆ, ಆ ವಾಸನೆ ಮರೆಯಲ್ಲ.

ಹಳೇ ವಿಭಾಗ ಮುಖ್ಯಸ್ಥ
ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟಾರ್‌ಗೆ ಇದು ಅಷ್ಟು ಚೆನ್ನಾಗಿ ಅನ್ವಯಿಸಲ್ಲ. ಅದರ ಒಳಗೆ ನೀರು ತುಂಬಿರುತ್ತೆ, ತಂತಿಗೆ ವಾರ್ನಿಷ್ ಬದಲು ಪ್ಲಾಸ್ಟಿಕ್ ಹೊದಿಕೆ. ಅಲ್ಲಿ ಕಪ್ಪು-ಹೊಳಪಿನ ಲೆಕ್ಕ ಅಷ್ಟು ಸ್ಪಷ್ಟವಾಗಿ ಕಾಣಲ್ಲ, ಹೊದಿಕೆ ಕರಗಿ ಅಂಟಿಕೊಂಡಿರುತ್ತೆ.

ಕಾಯಿಲ್ ಕಟ್ಟೋನು
ಹೌದು ಸರ್, ನಾನು ಹೇಳಿದ್ದು ತೆರೆದ ಬಾವಿ ಮೇಲೆ ಇಡೋ ಮಾನೋಬ್ಲಾಕ್ ಮೋಟಾರ್. ತೋರಿಸೋಕೆ ಅದೇ ಒಳ್ಳೆದು. ಆದರೆ ಬೋರ್‌ವೆಲ್‌ದು ಅಂತ ಹೇಳಿ ತೋರಿಸಬಾರದು, ಹಾಲ್‌ನಲ್ಲಿ ನನ್ನಂಥವನು ಒಬ್ಬ ಇದ್ದರೆ ನಗ್ತಾನೆ.

ಮೈಕ್ ಮೇಷ್ಟ್ರು
ಇಲ್ಲೇ ನಿಲ್ಲಿಸಿ. ಈಗ ಇಬ್ಬರೂ ಸೇರಿ ಮೇಡಂ ಭಾಷಣವನ್ನೇ ಮಾಡಿಬಿಟ್ಟಿರಿ.

ತಂಗಿ, ಗಮನ ಕೊಡು. ಪರಿಚಯದಲ್ಲಿ ಪ್ರಶ್ನೆ ಕೇಳು, ಉತ್ತರ ಹೇಳಬೇಡ. ಪವರ್ ಫ್ಯಾಕ್ಟರ್ ಅನ್ನೋ ಶಬ್ದ ನಿನ್ನ ಬಾಯಲ್ಲಿ ಬರಲೇಬಾರದು. ಸ್ಟೇಟರ್ ಬೇಕಾದರೆ ಮೇಡಂ ಕೈಗೆ ಕೊಡು, ನೀನು ಹಿಡಿದು ನಿಲ್ಲಬೇಡ. ನೀನು ಗಂಟು ಹಾಕಬೇಕು, ಬಿಚ್ಚೋದು ಅವರು. ಮತ್ತೆ ಈ ಪ್ರಶ್ನೆ ಕೇಳ್ತೀನಿ ಅಂತ ಅವರಿಗೆ ಮೊದಲೇ ಹೇಳಿರು. ಅವರ ಮೊದಲ ಸ್ಲೈಡ್‌ನಲ್ಲೇ ಅದರ ಉತ್ತರ ದೊಡ್ಡಕ್ಷರದಲ್ಲಿದ್ದು, ನೀನು ಮಾತಾಡುವಾಗಲೇ ಅದು ಹಿಂದೆ ಪರದೆ ಮೇಲೆ ಕಾಣ್ತಾ ಇದ್ದರೆ ಕಥೆ ಮುಗೀತು. ನಿನ್ನ ಮಾತು ಮುಗಿಯೋವರೆಗೆ ಪರದೆ ಕಪ್ಪಗಿರಲಿ.

ಪಟಾಕಿ ಪಾರ್ಟಿ
ಹೆಸರನ್ನ ಕೊನೆಗೆ ಹೇಳಬೇಕು ಅಂತಾರಲ್ಲ, ಅದು ನಿಜ ತಾನೇ? ಸಸ್ಪೆನ್ಸ್ ಇಟ್ಟು ಕೊನೆಗೆ ಹೆಸರು, ಆಗ ಚಪ್ಪಾಳೆ.

ಕಡಲತಡಿ ಅಕ್ಕ
ಎಂಥಾ ಸಸ್ಪೆನ್ಸ್ ಮಾರಾಯ್ರೆ. ಹೆಸರು ಆಹ್ವಾನ ಪತ್ರಿಕೆಯಲ್ಲಿದೆ, ಬ್ಯಾನರ್‌ನಲ್ಲಿದೆ, ಸ್ವಾಗತ ಭಾಷಣದಲ್ಲಿ ಹೇಳಿ ಆಗಿದೆ, ದೀಪ ಹಚ್ಚುವಾಗ ಮೂರು ಸಲ ಹೇಳಿ ಆಗಿದೆ. ಮೇಡಂ ಹಾರ ಹಾಕಿಕೊಂಡು ವೇದಿಕೆ ಮೇಲೇ ಕೂತಿರ್ತಾರೆ.

ಮೈಕ್ ಮೇಷ್ಟ್ರು
ಅಕ್ಕ ಹೇಳಿದ್ದು ಸರಿ, ಸಸ್ಪೆನ್ಸ್ ಇಲ್ಲ. ಆದರೂ ಹೆಸರು ಕೊನೆಗೇ ಇರಲಿ. ಕಾರಣ ಬೇರೆ. ನಮ್ಮ ಜನಕ್ಕೆ ಹೆಸರು ಕೇಳಿದ ಕೂಡಲೇ ಚಪ್ಪಾಳೆ ತಟ್ಟಿ ಅಭ್ಯಾಸ. ನೀನು ಮಧ್ಯದಲ್ಲಿ ಹೆಸರು ಹೇಳಿದರೆ ಚಪ್ಪಾಳೆ ಬೀಳುತ್ತೆ, ಅತಿಥಿ ಎದ್ದು ನಿಲ್ಲುತ್ತಾರೆ, ನೀನು ಇನ್ನೂ ಎರಡು ಪ್ಯಾರಾ ಓದ್ತಾ ಇರ್ತೀಯ. ಪಾಪ, ಅವರು ಕೈಯಲ್ಲಿ ಫೈಲ್ ಹಿಡಿದು ಮುಂದೆ ಬರಲೋ ಕೂತುಕೊಳ್ಳಲೋ ಅಂತ ತಿಳಿಯದೆ ನಿಂತಿರ್ತಾರೆ. ಮುಗುಳ್ನಗೆ ಹಾಗೇ ಗಟ್ಟಿಯಾಗಿ ಹೋಗಿರುತ್ತೆ. ಎಷ್ಟು ಸಲ ನೋಡಿದ್ದೀನೋ.

ಹೆಸರು ಹೇಳಿದ ಮೇಲೆ ಒಂದೂ ಶಬ್ದ ಬೇಡ. "ಅವರನ್ನು ವೇದಿಕೆಗೆ ಆದರದಿಂದ ಬರಮಾಡಿಕೊಳ್ಳುತ್ತಾ, ಅವರ ಅಮೂಲ್ಯ ಮಾತುಗಳನ್ನು" ಅಂತ ಬಾಲ ಬೆಳೆಸಬೇಡ. ಹೆಸರು, ಚಪ್ಪಾಳೆ. ಮೊದಲ ಚಪ್ಪಾಳೆ ನೀನೇ ತಟ್ಟು, ಮೈಕ್ ಸ್ಟ್ಯಾಂಡಿಗಿಟ್ಟು ತಟ್ಟು. ಕೈಯಲ್ಲಿ ಮೈಕ್ ಹಿಡಿದು ತಟ್ಟಿದರೆ ಸ್ಪೀಕರ್‌ನಲ್ಲಿ ಬಾಂಬ್ ಸಿಡಿದ ಹಾಗೆ ಕೇಳುತ್ತೆ. ಅವರು ಮೈಕ್ ಹತ್ತಿರ ಬರೋವರೆಗೆ ಅಲ್ಲೇ ಇದ್ದು, ಆಮೇಲೆ ಪಕ್ಕಕ್ಕೆ ಸರಿ.

ರಾತ್ರಿಪಾಳಿ
ಮೇಡಂಗೆ ಕಾಲರ್ ಮೈಕ್ ಹಾಕೋದಾದರೆ ಸೀರೆಯೋ ಕುರ್ತಾನೋ ಮೊದಲೇ ಕೇಳಿ. ಆ ಡಬ್ಬಿ ಸಿಕ್ಕಿಸೋಕೆ ಜಾಗ ಬೇಕು. ವೇದಿಕೆ ಮೇಲೆ ನಾಲ್ಕು ಹುಡುಗರು ಸುತ್ತ ನಿಂತು ಹುಡುಕಾಡೋದು ಬೇಡ. ಲ್ಯಾಪ್‌ಟಾಪ್ ಕೇಬಲ್ ಕೂಡ ಪರಿಚಯಕ್ಕೆ ಮೊದಲೇ ಚುಚ್ಚಿ ನೋಡಿರಬೇಕು. ನೀವು ಒಂದೂವರೆ ನಿಮಿಷದಲ್ಲಿ ಏರಿಸಿದ್ದು "ಸರ್, ಡಿಸ್‌ಪ್ಲೇ ಬರ್ತಿಲ್ಲ" ಅನ್ನೋ ಐದು ನಿಮಿಷದಲ್ಲಿ ಇಳಿದು ಹೋಗುತ್ತೆ.

ಮತ್ತೆ ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಮೇಡಂ ಮಾತಾಡಿ ಹೊರಟು ಹೋಗ್ತಾರೋ, ಇರ್ತಾರೋ? ಇರೋದಾದರೆ ಯಾವಾಗ, ಯಾವ ಟೇಬಲ್? ಅದನ್ನ ಪರಿಚಯದಲ್ಲೇ ಹೇಳಿ. ನಮ್ಮಂಥವರಿಗೆ ನಿಜವಾದ ಜೋಶ್ ಕೊಡೋದು ಆ ಒಂದು ವಾಕ್ಯ.

ಬೆಣ್ಣೆದೋಸೆ_ಇಇಇ
ಇರ್ತಾರೆ! ಸಂಜೆ 4ರಿಂದ 7. ಹಳೆಯ ಪ್ಯಾನೆಲ್‌ಗಳನ್ನೂ ತರ್ತಾರಂತೆ, ಬಿಚ್ಚಿ ನೋಡಬಹುದು. ಸೋತ ಕಥೆ ಹೇಳೋಕೂ ಒಪ್ಪಿದರು. ಅವರ ಮೊದಲ ಪ್ಯಾನೆಲ್ ನೀರಿದ್ದರೂ ಮೋಟಾರ್ ನಿಲ್ಲಿಸ್ತಾ ಇತ್ತಂತೆ. ರೈತರೊಬ್ಬರು ಅದನ್ನ ಬಿಚ್ಚಿ ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಬಂದು ಇವರ ಟೇಬಲ್ ಮೇಲಿಟ್ಟು, "ಇದು ನಿಮ್ಮ ಮನೇಲೇ ಇರಲಿ" ಅಂದರಂತೆ.

ಕಾಯಿಲ್ ಕಟ್ಟೋನು
ಹಹ್ಹ. ಆ ರೈತರಿಗೆ ನನ್ನ ನಮಸ್ಕಾರ.

ಹಳೇ ವಿಭಾಗ ಮುಖ್ಯಸ್ಥ
ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಆ ಹುಡುಗಿ ನಾಳೆ ತನ್ನ ಮುಖ್ಯಸ್ಥರ ಮುಂದೆ ನಿಲ್ಲಬೇಕು. "ಬಯೋಡೇಟಾ ಓದಲ್ಲ" ಅಂತ ಹೇಳೋದು ಇಲ್ಲಿ ಬರೆದಷ್ಟು ಸುಲಭ ಅಲ್ಲ. ಅದಕ್ಕೊಂದು ದಾರಿ ಹೇಳ್ತೀನಿ. ಸ್ವಾಗತ ಭಾಷಣ ಯಾರು ಮಾಡ್ತಾರೋ ಅವರು ಅತಿಥಿಯ ಪದವಿ, ಹುದ್ದೆ, ಪ್ರಶಸ್ತಿ ಎರಡು ಸಾಲಿನಲ್ಲಿ ಹೇಳಿಬಿಡಲಿ. ಹಾರ, ಶಾಲು ಆಗ. ಪರಿಚಯ ಅನ್ನೋದು ಬೇರೆ, ಮಾತು ಶುರುವಾಗೋಕೆ ಸರಿಯಾಗಿ ಮೊದಲು. ಆಗ ಮುಖ್ಯಸ್ಥರಿಗೂ ಸಮಾಧಾನ, ಮೇಷ್ಟ್ರಿಗೂ ಸಮಾಧಾನ.

ಮೈಕ್ ಮೇಷ್ಟ್ರು
ಇದು ಒಳ್ಳೆ ದಾರಿ ಸರ್. ಹಾರ ಹಾಕಿ ಅರ್ಧ ಗಂಟೆ ಆದಮೇಲೆ ಪರಿಚಯ ಬಂದರೆ ಜನಕ್ಕೆ ಅದು ಹೊಸದಾಗಿಯೂ ಕೇಳುತ್ತೆ.

ಫ್ರಾಂಕ್‌ಫರ್ಟ್ ಬಸವ
ಇಲ್ಲಿ ನಾನು ಹೋದ ಹ್ಯಾಕಥಾನ್‌ಗಳಲ್ಲಿ ದೀಪವೂ ಇಲ್ಲ, ಹಾರವೂ ಇಲ್ಲ. ಹೆಸರು ಹೇಳಿ ಮೈಕ್ ಕೊಡ್ತಾರೆ. ಮುಗೀತು.

ಕಡಲತಡಿ ಅಕ್ಕ
ಅದೂ ಒಂಥರಾ ಬೋಳು ಬೋಳು ಬಿಡಿ. ನನಗೆ ದೀಪ ಬೇಕು. ಪ್ರಾರ್ಥನೆ ಎರಡೇ ಚರಣ ಸಾಕು.

ಮೂಲೆ ಬೆಂಚು
ದೀಪ ಹಚ್ಚುವಾಗ ಮೇಲಿನ ಫ್ಯಾನ್ ಆಫ್ ಮಾಡಿ. ಪ್ರತಿ ಸಲ ಬತ್ತಿ ಆರುತ್ತೆ, ಪ್ರತಿ ಸಲ ಎಲ್ಲರೂ ಆಶ್ಚರ್ಯಪಡ್ತಾರೆ.

ಬೆಣ್ಣೆದೋಸೆ_ಇಇಇ
ಎಲ್ಲರದ್ದೂ ಸೇರಿಸಿ ಮತ್ತೆ ಬರೆದೆ. ನೋಡಿ:

"ಬೆಳಿಗ್ಗೆಯಿಂದ ಕೂತಿದ್ದೀರಿ, ಒಂದು ಪ್ರಶ್ನೆ. ಮನೆಯಲ್ಲಿ ಬೋರ್‌ವೆಲ್ ಇರುವವರು ಕೈ ಎತ್ತಿ. ಸರಿ. ಈಗ ಎಲ್ಲರೂ ಯೋಚಿಸಿ. ಬೋರ್‌ನಲ್ಲಿ ನೀರು ಮುಗಿಯಿತು, ಮೋಟಾರ್ ಇನ್ನೂ ಓಡ್ತಾ ಇದೆ. ಅದು ಎಳೆಯುವ ಕರೆಂಟ್ ಜಾಸ್ತಿ ಆಗುತ್ತಾ? ಜಾಸ್ತಿ ಅನ್ನುವವರು ಕೈ ಎತ್ತಿ. ಕಡಿಮೆ ಅನ್ನುವವರು?

ಉತ್ತರ ನಾನು ಹೇಳಲ್ಲ. ಈ ಪ್ರಶ್ನೆ ಹಿಂದೆ ಬಿದ್ದು ವರ್ಷಗಟ್ಟಲೆ ಹೊಲ, ತೋಟ ಸುತ್ತಿದವರು ಇಲ್ಲಿದ್ದಾರೆ. ಅವರು ಮಾಡಿದ ಮೊದಲ ಪ್ಯಾನೆಲ್ ಬೋರ್‌ನಲ್ಲಿ ನೀರಿದ್ದರೂ ಮೋಟಾರ್ ನಿಲ್ಲಿಸ್ತಾ ಇತ್ತು. ರೈತರೊಬ್ಬರು ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ವಾಪಸ್ ಕೊಟ್ಟರು. ಅದರಲ್ಲಿ ಏನು ತಪ್ಪಿತ್ತು, ಹೇಗೆ ಸರಿ ಮಾಡಿದರು ಅಂತ ಅವರೇ ಹೇಳ್ತಾರೆ. ಆಮೇಲೂ ಇಲ್ಲೇ ಇರ್ತಾರೆ. ಸಂಜೆ 4ರಿಂದ 7ರವರೆಗೆ ಕಿಟಕಿ ಪಕ್ಕದ ಟೇಬಲ್. ನಿಮ್ಮ ಸರ್ಕ್ಯೂಟ್ ತಗೊಂಡು ಬನ್ನಿ, ಅರ್ಧ ಆಗಿದ್ದರೂ ಪರವಾಗಿಲ್ಲ." ಆಮೇಲೆ ಹೆಸರು.

ಗಡಿಯಾರ ಹಿಡಿದು ಓದಿದೆ. ಕೈ ಎತ್ತಿಸೋ ಸಮಯ ಸೇರಿ ಒಂದೂವರೆ ನಿಮಿಷಕ್ಕೆ ಸ್ವಲ್ಪ ಕಡಿಮೆ.

ರಾತ್ರಿಪಾಳಿ
"ಅರ್ಧ ಆಗಿದ್ದರೂ ಪರವಾಗಿಲ್ಲ" 👏

ಮೈಕ್ ಮೇಷ್ಟ್ರು
ಚೆನ್ನಾಗಿದೆ. ಎರಡೇ ಮಾತು. "ಬೆಳಿಗ್ಗೆಯಿಂದ ಕೂತಿದ್ದೀರಿ" ಬೇಡ, ಅದು ಕಾರ್ಯಕ್ರಮ ಬೋರ್ ಹೊಡೀತು ಅಂತ ಪ್ರಾಂಶುಪಾಲರ ಮುಂದೆಯೇ ಹೇಳಿದ ಹಾಗೆ. ನೇರ ಪ್ರಶ್ನೆಗೆ ಹೋಗು. ಇನ್ನೊಂದು, ಕೈ ಎತ್ತಿ ಅಂದ ಮೇಲೆ ಕಾಯಬೇಕು. ಹೊಸಬರು ಹೆದರಿ ತಕ್ಷಣ ಮುಂದಿನ ಸಾಲಿಗೆ ಓಡ್ತಾರೆ. ಕಾಗದದ ಮೇಲೆ ಆ ಜಾಗದಲ್ಲಿ ಒಂದು ಗೆರೆ ಎಳೆದಿಡು. ಯಾರೂ ಎತ್ತದಿದ್ದರೆ ನೀನೇ ಎತ್ತು.

ಪಟಾಕಿ ಪಾರ್ಟಿ
ಕನ್ನಡದಲ್ಲೇ ಹೇಳ್ತೀರಾ? ಕೇರಳ, ಆಂಧ್ರದವರು ಬಂದಿದ್ದರೆ?

ಬೆಣ್ಣೆದೋಸೆ_ಇಇಇ
ಆರೇಳು ತಂಡ ಹೊರ ರಾಜ್ಯದ್ದು. ಅದೇ ತಲೆಬಿಸಿ.

ಮೈಕ್ ಮೇಷ್ಟ್ರು
ಪೂರ್ತಿ ಎರಡೆರಡು ಸಲ ಹೇಳಬೇಡ, ಪ್ರಶ್ನೆ ಸತ್ತು ಹೋಗುತ್ತೆ. ಪ್ರಶ್ನೆ ಮತ್ತು ಟೇಬಲ್ ಸಮಯ ಮಾತ್ರ ಇಂಗ್ಲಿಷ್‌ನಲ್ಲೂ ಹೇಳು.

ಹಳೇ ವಿಭಾಗ ಮುಖ್ಯಸ್ಥ
ನಾನು ಒಪ್ಪಲ್ಲ. ಹೊರಗಿನವರು ಇದ್ದಾರೆ ಅಂದಮೇಲೆ ಪೂರ್ತಿ ಇಂಗ್ಲಿಷ್ ಇರಬೇಕು. ಆರು ತಂಡ ಅಂದರೆ 24 ಜನ. ಅವರು ಸುಮ್ಮನೆ ಮುಖ ನೋಡ್ತಾ ಕೂರಬೇಕಾ?

ತೋಟದಮನೆ
ಪಂಪ್‌ಸೆಟ್ ಯಾರದ್ದು ಸರ್? ನಮ್ಮದು ತಾನೇ. ಕನ್ನಡದಲ್ಲಿರಲಿ.

ಕಡಲತಡಿ ಅಕ್ಕ
ಸೈಕಲ್ಲಿನ ಕಥೆ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ, ಉಪ್ಪು ಖಾರ ಇರಲ್ಲ. ಪಕ್ಕದವರ ಹತ್ತಿರ ಕೇಳಿ ತಿಳ್ಕೊಳ್ತಾರೆ, ಅಷ್ಟಕ್ಕೇ ಪರಿಚಯ ಆಗುತ್ತೆ.

ಬೆಣ್ಣೆದೋಸೆ_ಇಇಇ
ಕಾರ್ಯಕ್ರಮ ಮುಗೀತು, ಈಗ ಬಂದು ಬರೀತಾ ಇದ್ದೀನಿ.

ಉದ್ಘಾಟನೆ 25 ನಿಮಿಷ ತಡ. ಸ್ವಾಗತ ಮಾಡಿದ ಸರ್ ಎರಡು ಸಾಲು ಹೇಳ್ತೀನಿ ಅಂತ ಎರಡು ಪುಟ ಓದಿದರು. ಬೋರ್‌ವೆಲ್ ಇರೋರು ಅಂದಾಗ ಮುಕ್ಕಾಲು ಹಾಲ್ ಕೈ ಎತ್ತಿತು. ಕರೆಂಟ್ ಜಾಸ್ತಿ ಅಂತ ತುಂಬಾ ಜನ. ಹಿಂದಿನ ಸಾಲಲ್ಲಿ ಇಬ್ಬರು ಹುಡುಗರು ಅಲ್ಲೇ ಜಗಳ ಶುರು ಮಾಡಿದರು, ನಾನು ನಿಲ್ಲಿಸೋಕೆ ಹೋಗಲಿಲ್ಲ. ಹೆಸರು ಹೇಳಿದೆ, ಚಪ್ಪಾಳೆ ಬಂತು, ಮೇಡಂ ಬಂದರು. ಬಂದವರು ಮೊದಲು ಮಾಡಿದ್ದು ಆ ಜಗಳ ಆಡ್ತಿದ್ದ ಹುಡುಗರನ್ನ ಕರೆದು "ನೀನು ಯಾಕೆ ಕಡಿಮೆ ಅಂದೆ?" ಅಂತ ಕೇಳಿದ್ದು. ಸ್ಲೈಡ್ ಆಮೇಲೆ ತೆಗೆದರು.

ಇಂಗ್ಲಿಷ್ ವಿಷಯ: ಪ್ರಶ್ನೆ ಎರಡೂ ಭಾಷೆಯಲ್ಲಿ ಹೇಳಿದೆ, ಕಥೆ ಕನ್ನಡದಲ್ಲಿ. ಒಂದು ಹೊರಗಿನ ತಂಡದವರು ಆಮೇಲೆ ಬಂದು "ಎಲ್ಲರೂ ಯಾಕೆ ನಕ್ಕರು?" ಅಂತ ಬೇಜಾರಲ್ಲೇ ಕೇಳಿದರು.

ಹಳೇ ವಿಭಾಗ ಮುಖ್ಯಸ್ಥ
ನಾನು ಹೇಳಿದ್ದೆ.

ಮೈಕ್ ಮೇಷ್ಟ್ರು
ಕಥೆಯ ಒಂದು ಸಾಲೂ ಇಂಗ್ಲಿಷ್‌ನಲ್ಲಿ ಸೇರಿಸಬಹುದಿತ್ತು ಅನ್ನಿಸುತ್ತೆ. ಪೂರ್ತಿ ಇಂಗ್ಲಿಷ್ ಅನ್ನೋದಕ್ಕೆ ಮಾತ್ರ ಈಗಲೂ ಒಪ್ಪಲ್ಲ ಸರ್.

ರಾತ್ರಿಪಾಳಿ
ಟೇಬಲ್ ಹತ್ತಿರ ಜನ ಬಂದರಾ?

ಬೆಣ್ಣೆದೋಸೆ_ಇಇಇ
ನಾಲ್ಕಕ್ಕೆ ಮೊದಲೇ ಸಾಲು ನಿಂತಿತ್ತು. ಏಳಕ್ಕೆ ಏಳಬೇಕಿದ್ದವರು ಎಂಟೂವರೆವರೆಗೆ ಇದ್ದರು. ಆದರೆ ಅದು ಪರಿಚಯದಿಂದಲೋ, ಅವರು ತಂದಿದ್ದ ಸುಟ್ಟ ಪ್ಯಾನೆಲ್‌ಗಳಿಂದಲೋ ಹೇಳೋಕೆ ಆಗಲ್ಲ.

ಕಾಯಿಲ್ ಕಟ್ಟೋನು
ಪವರ್ ಫ್ಯಾಕ್ಟರ್ ನೋಡಿ ನೀರು ಗುರುತಿಸೋದು ಯಾವುದಾದರೂ ತಂಡ ಮಾಡಿತಾ?

ಬೆಣ್ಣೆದೋಸೆ_ಇಇಇ
ಮೂರು ತಂಡ ಶುರು ಮಾಡಿದವು. ಒಂದೇ ಓಡಿತು, ಅದೂ ಅರ್ಧ ಹೆಚ್‌ಪಿ ಲ್ಯಾಬ್ ಮೋಟಾರ್ ಮೇಲೆ. ಮೇಡಂ ಅವರನ್ನ ವರ್ಕ್‌ಶಾಪ್‌ಗೆ ಬರೋಕೆ ಹೇಳಿದ್ದಾರೆ. ಬಹುಮಾನ ಮಾತ್ರ ಹಸಿರು ಬಟನ್ ಆ್ಯಪ್‌ಗೆ ಹೋಯ್ತು 😐

ಕಾಯಿಲ್ ಕಟ್ಟೋನು
ಗೊತ್ತಿತ್ತು.

ತೋಟದಮನೆ
ಆ ಓಡಿದ ತಂಡದವರಿಗೆ ಹೇಳಮ್ಮ, ನಮ್ಮ ಮೋಟಾರ್ ಮೇಲೆ ಹಾಕಿ ನೋಡಲಿ. ಮಧ್ಯಾಹ್ನ 340, ರಾತ್ರಿ 430, ಎರಡೂ ಇಲ್ಲೇ ಸಿಗುತ್ತೆ. ಊಟ ನಮ್ಮದು.